ಹಳ್ಳದ ಅಗಲ, ಆಳ, ವೇಗ: ಒಂದು ಅಳತೆಯ ದಿನದ ಪೂರ್ಣ ಪ್ರಕರಣ

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟಗಳ ಮಗ್ಗುಲಲ್ಲಿ ಹರಿದು ತುಂಗೆಗೆ ಸೇರುವ ಸಣ್ಣ ಹಳ್ಳಗಳು ಬಹಳ. ಅಂಥದೊಂದು ಹಳ್ಳ, ಡಿಸೆಂಬರ್ ಮೊದಲ ವಾರ, ಪ್ರೌಢಶಾಲೆಯ ಒಂಬತ್ತನೇ ತರಗತಿಯ 24 ಮಕ್ಕಳು, ಇಬ್ಬರು ಶಿಕ್ಷಕರು, ಕೈಯಲ್ಲಿ ಎರಡೂವರೆ ಗಂಟೆ: ಈ ಪ್ರಕರಣದ ಚೌಕಟ್ಟು ಇಷ್ಟು. ಉತ್ತರ ಬೇಕಾಗಿರುವ ಪ್ರಶ್ನೆಯೂ ಒಂದೇ. ಈ ಹಳ್ಳದಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ನೀರು ಹೋಗುತ್ತಿದೆ? ಇಲ್ಲಿನ ಅಂಕಿಗಳನ್ನು ಅಂಥ ಹಳ್ಳದ ಗಾತ್ರಕ್ಕೆ ಹೊಂದುವಂತೆ, ಲೆಕ್ಕದ ಒಂದೊಂದು ಹೆಜ್ಜೆಯೂ ಕಾಣುವಂತೆ ಇಟ್ಟುಕೊಂಡಿದೆ. ನಿಮ್ಮ ಊರಿನ ಹಳ್ಳದಲ್ಲಿ ಅಂಕಿ ಬೇರೆ ಬರುತ್ತದೆ, ತಪ್ಪುಗಳು ಮಾತ್ರ ಇವೇ ಬರುತ್ತವೆ.

ಸೂತ್ರ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಸರಾಸರಿ ವೇಗದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಕಷ್ಟವಿರುವುದು ‘ಸರಾಸರಿ’ ಎಂಬ ಮಾತಿನಲ್ಲಿ. ಹಳ್ಳದ ಆಳ ದಡದಿಂದ ದಡಕ್ಕೆ ಬದಲಾಗುತ್ತದೆ, ವೇಗವೂ ಬದಲಾಗುತ್ತದೆ, ಮೇಲಿನ ನೀರು ಓಡಿದಷ್ಟು ತಳದ ನೀರು ಓಡುವುದಿಲ್ಲ. ಹಾಗಾಗಿ ಯೋಜನೆಯ ಅರ್ಧ ಭಾಗ ಜಾಗ ಆರಿಸುವುದರಲ್ಲೇ ಕಳೆಯುತ್ತದೆ. ಉಳಿದರ್ಧ, ಬರೆದುಕೊಳ್ಳುವ ಪಟ್ಟಿಯನ್ನು ಸರಿಯಾಗಿ ಗೆರೆ ಹಾಕಿಟ್ಟುಕೊಳ್ಳುವುದು.

ಜಾಗ ಮತ್ತು ಹೊತ್ತು

ಮಳೆಗಾಲದಲ್ಲಿ ಈ ಕೆಲಸಕ್ಕೆ ಮಕ್ಕಳನ್ನು ನೀರಿಗೆ ಇಳಿಸಬಾರದು. ಮಲೆನಾಡಿನ ಹಳ್ಳ ಮೇಲೆಲ್ಲೋ ಬಿದ್ದ ಮಳೆಗೆ ಇಲ್ಲಿ ಬಿಸಿಲಿದ್ದಾಗಲೇ ಏರುತ್ತದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ನೀರು ತಿಳಿಯಾಗಿರುತ್ತದೆ, ತಳ ಕಾಣುತ್ತದೆ, ಹರಿವೂ ಅಳೆಯುವಷ್ಟು ಇರುತ್ತದೆ. ಆದರೆ ತೋಟದವರು ಹಳ್ಳಕ್ಕೆ ಮಣ್ಣು, ಮರಳಚೀಲದ ಒಡ್ಡು ಕಟ್ಟಲು ಶುರುಮಾಡುವುದೂ ಇದೇ ದಿನಗಳಲ್ಲಿ. ಒಡ್ಡಿನ ಹಿಂದೆ ನಿಂತ ನೀರಿನಲ್ಲಿ ವೇಗ ಅಳೆದರೆ ಅದು ಒಡ್ಡಿನ ವೇಗವಾಗುತ್ತದೆ, ಹಳ್ಳದ್ದಲ್ಲ. ಹಿಂದಿನ ದಿನವೇ ಶಿಕ್ಷಕರಲ್ಲಿ ಒಬ್ಬರು ಹಳ್ಳದ ಗುಂಟ ಅರ್ಧ ಕಿಲೋಮೀಟರ್ ನಡೆದು ಒಡ್ಡು ಎಲ್ಲಿದೆ, ಪಂಪ್‌ಸೆಟ್ಟಿನ ಪೈಪು ಎಲ್ಲಿ ಇಳಿದಿದೆ ಎಂದು ನೋಡಿ ಬರಬೇಕು. ತೋಟದವರನ್ನು ಕೇಳಿ, ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಪಂಪು ಯಾವಾಗ ಓಡುತ್ತದೆ ಎಂದು ತಿಳಿದುಕೊಂಡರೆ ಅಳತೆಯ ನಡುವೆ ನೀರು ಇಳಿಯುವ ತೊಂದರೆ ತಪ್ಪುತ್ತದೆ.

ಬೇಕಾದದ್ದು ಹತ್ತು ಮೀಟರ್ ನೇರ ಓಟ. ಅದರ ಮೇಲೆ ಇನ್ನೂ ನಾಲ್ಕೈದು ಮೀಟರ್ ನೇರವಿದ್ದರೆ ಒಳ್ಳೆಯದು. ತಿರುವಿನಲ್ಲಿ ನೀರು ಹೊರದಂಡೆಗೆ ಒತ್ತಿಕೊಂಡು ಓಡುತ್ತದೆ, ಒಳದಂಡೆಯಲ್ಲಿ ಕೆಲವೊಮ್ಮೆ ಹಿಂದಕ್ಕೇ ಸುತ್ತುತ್ತದೆ. ಮಡುವಿನಲ್ಲಿ ಆಳ ಹೆಚ್ಚು, ವೇಗ ಇಲ್ಲವೆಂಬಷ್ಟು ಕಡಿಮೆ. ಕಲ್ಲಿನ ಮೇಲೆ ನೊರೆಯೆದ್ದು ಹಾರುವ ಕಡೆ ಆಳ ಎಂಬುದಕ್ಕೇ ಅರ್ಥವಿರುವುದಿಲ್ಲ. ಮರಳು ಅಥವಾ ಸಣ್ಣ ಜಲ್ಲಿಯ ತಳ, ಮೇಲ್ಮೈ ನಯವಾಗಿ ಒಂದೇ ದಿಕ್ಕಿಗೆ ಜಾರುವ ನೀರು, ಎರಡೂ ಕಡೆ ಗೂಟ ಹೊಡೆಯಲು ಗಟ್ಟಿ ದಂಡೆ ಇರುವಲ್ಲಿ ನಿಲ್ಲಿ. ಒಂದು ಹಿಡಿ ಒಣ ಎಲೆ ಎಸೆದು ನೋಡಿದರೆ ಜಾಗದ ಗುಣ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಎಲೆಗಳೆಲ್ಲ ಸಾಲಾಗಿ ಮುಂದೆ ಹೋದರೆ ಸರಿ. ಕೆಲವು ಸುತ್ತುತ್ತ ನಿಂತರೆ ಬೇರೆ ಜಾಗ ಹುಡುಕಿ.

ಅಪಾಯದ ಮಿತಿ ಸರಳವಾಗಿರಲಿ: ತರಗತಿಯ ಅತಿ ಗಿಡ್ಡ ವಿದ್ಯಾರ್ಥಿಯ ಮೊಣಕಾಲಿಗಿಂತ ಮೇಲೆ ನೀರು ಬರುವ ಕಡೆ ಯಾರೂ ಇಳಿಯುವಂತಿಲ್ಲ. ಹವಾಯಿ ಚಪ್ಪಲಿ ಬೇಡ, ಬರಿಗಾಲೂ ಬೇಡ. ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಇರಲಿ. ಕಾಲಿನಲ್ಲಿ ಗಾಯವಿರುವವರು ದಂಡೆಯಲ್ಲೇ ಬರೆಯುವ ಕೆಲಸ ಮಾಡಲಿ, ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಕಾಲವೂ ಇದೇ ಡಿಸೆಂಬರಿನಿಂದ ಶುರುವಾಗುತ್ತದೆ. ಸತ್ತ ಮಂಗ ಸಿಕ್ಕ ಸುದ್ದಿ ಇರುವ ಕಾಡಿನ ಹಾದಿ ಬಿಟ್ಟು, ತೋಟದ ಕಡೆಯಿಂದ ಹಳ್ಳ ತಲುಪುವ ದಾರಿ ಆರಿಸಿ. ಈ ಕಾಯಿಲೆ ಹರಡುವ ಉಣುಗನ್ನು ದೂರವಿಡಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಸಿ. ಮನೆಗೆ ಹೋದಮೇಲೆ ಬಟ್ಟೆಯಲ್ಲಿ ಉಣುಗು ಇದೆಯೇ ಎಂದು ನೋಡಿಕೊಳ್ಳಲು ಹೇಳಿ.

ಸಾಮಾನು, ಕೆಲಸದ ಹಂಚಿಕೆ

ಮಕ್ಕಳನ್ನು ಎಂಟೆಂಟು ಮಂದಿಯ ಮೂರು ಗುಂಪು ಮಾಡಿ. ಹತ್ತು ಮೀಟರ್ ಓಟದ ಮೇಲ್ತುದಿ, ನಡು, ಕೆಳತುದಿ, ಹೀಗೆ ಒಂದೊಂದು ಗುಂಪಿಗೆ ಒಂದೊಂದು ಅಡ್ಡಕೊಯ್ತ. ಪ್ರತಿ ಗುಂಪಿಗೆ ಒಂದು 15 ಮೀಟರ್ ಟೇಪು, ಎರಡು ಗೂಟ, ಒಂದು ಮೀಟರ್ ಅಳತೆಕೋಲು, ಒಂದು ಸ್ಟಾಪ್‌ವಾಚ್ ಅಥವಾ ಫೋನು, ಗಟ್ಟಿ ರಟ್ಟಿಗೆ ಕ್ಲಿಪ್ ಹಾಕಿದ ಪಟ್ಟಿ ಮತ್ತು ಸೀಸದಕಡ್ಡಿ. ಪೆನ್ನು ಬೇಡ, ಒದ್ದೆ ಕಾಗದದಲ್ಲಿ ಶಾಯಿ ಹರಡುತ್ತದೆ. ಟೇಪು ನಾರಿನದಾಗಿರಲಿ. ಉಕ್ಕಿನ ತೆಳು ಟೇಪು ಗಾಳಿಗೆ ನಡುಗಿ ಓದಲು ಕೊಡುವುದಿಲ್ಲ.

ತೇಲಿಸಲು ಕಿತ್ತಳೆ ಹಣ್ಣು, ಆರು ಸಾಕು. ಥರ್ಮೋಕೋಲ್ ಚೂರು, ಖಾಲಿ ಬಾಟಲಿ ನೀರಿನ ಮೇಲೆ ಕುಳಿತುಕೊಳ್ಳುತ್ತವೆ. ಗಾಳಿ ಅವನ್ನು ತಳ್ಳುವುದರಿಂದ ನೀವು ಗಾಳಿಯನ್ನೂ ಅಳೆದಂತಾಗುತ್ತದೆ. ಕಿತ್ತಳೆ ಬಹುಪಾಲು ಮುಳುಗಿ, ಬೋಳುತಲೆಯಷ್ಟೇ ಹೊರಗಿಟ್ಟು ಸಾಗುತ್ತದೆ, ಬಣ್ಣದಿಂದ ದೂರಕ್ಕೂ ಕಾಣುತ್ತದೆ, ಕೈತಪ್ಪಿ ಹೋದರೂ ಹಳ್ಳಕ್ಕೆ ಕಸವಾಗುವುದಿಲ್ಲ. ಹಣ್ಣಿಲ್ಲದಿದ್ದರೆ ಮುಕ್ಕಾಲು ಭಾಗ ನೀರು ತುಂಬಿ ಮುಚ್ಚಳ ಬಿಗಿದ ಸಣ್ಣ ಬಾಟಲಿ ನಡೆಯುತ್ತದೆ.

ಎಲ್ಲಕ್ಕಿಂತ ಮೊದಲ ಕೆಲಸ, ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ನೀರಿನ ಮಟ್ಟಕ್ಕೆ ಗೆರೆ ಎಳೆದು ಹೊತ್ತು ಬರೆಯುವುದು. ಅಳತೆ ಮುಗಿದ ಮೇಲೆ ಮತ್ತೆ ನೋಡಿ. ಮಟ್ಟ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಬದಲಾಗಿದ್ದರೆ ಮೇಲೆ ಪಂಪು ಶುರುವಾಗಿದೆ, ಅಥವಾ ಯಾರೋ ಒಡ್ಡು ಬಿಚ್ಚಿದ್ದಾರೆ. ಆಗ ಮೊದಲಿನ ಆಳವನ್ನೂ ಕೊನೆಯ ವೇಗವನ್ನೂ ಸೇರಿಸಿ ಗುಣಿಸುವಂತಿಲ್ಲ.

ಅಗಲ ಮತ್ತು ಆಳ

ಎರಡು ದಂಡೆಗೆ ಗೂಟ ಹೊಡೆದು ಟೇಪನ್ನು ನೀರಿನ ಮೇಲೆ ಬಿಗಿಯಾಗಿ, ಮಟ್ಟವಾಗಿ, ಹರಿವಿಗೆ ನೇರ ಅಡ್ಡವಾಗಿ ಕಟ್ಟಿ. ಅಡ್ಡ ಎಂದರೆ ದಂಡೆಗೆ ಅಡ್ಡ ಅಲ್ಲ, ನೀರು ಓಡುವ ದಿಕ್ಕಿಗೆ ಅಡ್ಡ. ಟೇಪು 20 ಡಿಗ್ರಿ ಓರೆಯಾದರೆ ಅಗಲ ನೂರಕ್ಕೆ ಆರು ಪಾಲು ಹೆಚ್ಚಾಗಿ ಬರುತ್ತದೆ, ಕಣ್ಣಿಗೆ ಆ ಓರೆ ಸುಲಭವಾಗಿ ಗೊತ್ತಾಗುವುದಿಲ್ಲ. ಕಿತ್ತಳೆಯೊಂದನ್ನು ಬಿಟ್ಟು, ಅದು ಟೇಪಿನ ಕೆಳಗೆ ಹಾಯುವ ದಾರಿಗೂ ಟೇಪಿಗೂ ನಡುವೆ ಲಂಬಕೋನ ಇದೆಯೇ ಎಂದು ಮೇಲಿನಿಂದ ನೋಡಿ ಸರಿಪಡಿಸಿ.

ಟೇಪಿನ ಸೊನ್ನೆ ಗೂಟದಲ್ಲಿರುತ್ತದೆ, ನೀರಿನ ಅಂಚಿನಲ್ಲಿ ಅಲ್ಲ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ನಮ್ಮ ಹಳ್ಳದಲ್ಲಿ ಎಡದಂಡೆಯ ನೀರಿನಂಚು ಟೇಪಿನ 0.60 ಮೀಟರ್‌ನಲ್ಲಿದೆ, ಬಲದಂಡೆಯದು 4.60ರಲ್ಲಿ. ಅಗಲ 4.00 ಮೀಟರ್. ಪಟ್ಟಿಯಲ್ಲಿ ಬರೆಯಬೇಕಾದದ್ದು 0.60 ಮತ್ತು 4.60, ಕಳೆದ ಉತ್ತರವಲ್ಲ. ಕಳೆಯುವಾಗ ತಪ್ಪಾಗಿದ್ದರೆ ಮೂಲ ಓದು ಇದ್ದರಷ್ಟೇ ಶಾಲೆಗೆ ಬಂದು ತಿದ್ದಬಹುದು. ಎಡ, ಬಲ ಎಂಬುದು ಯಾವಾಗಲೂ ನೀರು ಹೋಗುವ ಕಡೆಗೆ ಮುಖಮಾಡಿ ನಿಂತವರ ಎಡ, ಬಲ. ಇದನ್ನು ಪಟ್ಟಿಯ ತಲೆಯಲ್ಲೇ ಬರೆದಿಡದಿದ್ದರೆ ಎದುರುಬದುರು ನಿಂತ ಎರಡು ಗುಂಪು ಹಳ್ಳವನ್ನು ತಿರುಗುಮುರುಗಾಗಿ ಬರೆದು ತರುತ್ತವೆ.

ಅಂಚಿನಿಂದ ಪ್ರತಿ ಅರ್ಧ ಮೀಟರಿಗೆ ಆಳ ನೋಡಿ. ಅಳೆಯುವವರು ಟೇಪಿನ ಕೆಳಮಗ್ಗುಲಿಗೆ, ಕೋಲಿನಿಂದ ಪಕ್ಕಕ್ಕೆ ಸರಿದು ನಿಲ್ಲಬೇಕು. ಮೇಲ್ಗಡೆ ನಿಂತರೆ ಅವರ ಕಾಲು ಕಟ್ಟಿದ ನೀರನ್ನೇ ಕೋಲು ಅಳೆಯುತ್ತದೆ. ಅಳತೆಕೋಲಿನ ಚಪ್ಪಟೆ ಮುಖವನ್ನು ಹರಿವಿಗೆ ಎದುರಾಗಿ ಹಿಡಿದರೆ ನೀರು ಅದಕ್ಕೆ ಬಡಿದು ಒಂದೆರಡು ಸೆಂಟಿಮೀಟರ್ ಏರುತ್ತದೆ. ತೆಳು ಅಂಚು ಹರಿವಿಗೆ ಎದುರಾಗಿರಲಿ. ತಳ ಕೆಸರಾಗಿದ್ದರೆ ಕೋಲು ಇಳಿಯುತ್ತ ಹೋಗುತ್ತದೆ. ಕೋಲಿನ ಬುಡಕ್ಕೆ ಡಬ್ಬದ ಚಪ್ಪಟೆ ಮುಚ್ಚಳ ಕಟ್ಟಿದರೆ ಕೆಸರಿನ ಮೇಲೆಯೇ ನಿಲ್ಲುತ್ತದೆ. ಕೋಲಿನ ಸೊನ್ನೆ ತುದಿಯಿಂದಲೇ ಶುರುವಾಗುತ್ತದೆಯೇ ಎಂದೂ ನೋಡಿ, ಕೆಲವು ಮರದ ಸ್ಕೇಲುಗಳಲ್ಲಿ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಟ್ಟಿರುತ್ತಾರೆ.

ಪ್ರತಿ ಬಿಂದುವಿನಲ್ಲಿ ಇಬ್ಬರು ಬೇರೆಬೇರೆಯಾಗಿ ಓದಬೇಕು. ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಿ ಮತ್ತೆ ಅಳೆಯಬೇಕು. ನಡುವಿನ ಅಡ್ಡಕೊಯ್ತದ ಪಟ್ಟಿ ತುಂಬಿದಾಗ ಹೀಗಿರುತ್ತದೆ:

| ಟೇಪಿನ ಓದು (ಮೀ) | ಆಳ, ಮೊದಲ ಓದು (ಸೆಂಮೀ) | ಎರಡನೇ ಓದು (ಸೆಂಮೀ) | ಬಳಸುವ ಆಳ (ಸೆಂಮೀ) | ಹಿಂದಿನ ಬಿಂದುವಿನಿಂದ ಇಲ್ಲಿಗೆ ವಿಸ್ತೀರ್ಣ (ಚ.ಮೀ) | ತಳ, ಟಿಪ್ಪಣಿ |
|---|---|---|---|---|---|
| 0.60 (ಎಡ ಅಂಚು) | 0 | 0 | 0 | – | ಮರಳು, ಇಳಿಜಾರು |
| 1.10 | 11 | 11 | 11 | 0.0275 | ಮರಳು |
| 1.60 | 17 | 19 | 18 | 0.0725 | ಮರಳು |
| 2.10 | 24 | 24 | 24 | 0.1050 | ಜಲ್ಲಿ |
| 2.60 | 29 | 29 | 29 | 0.1325 | ಜಲ್ಲಿ |
| 3.10 | 33 | 33 | 33 | 0.1550 | ಜಲ್ಲಿ |
| 3.60 | 21 | 26 | 26 | 0.1475 | ಮೊದಲ ಓದು ಕಲ್ಲಿನ ಮೇಲೆ. ಮತ್ತೆ ನೋಡಿದಾಗ 26 |
| 4.10 | 14 | 14 | 14 | 0.1000 | ಜಲ್ಲಿ, ಬೇರು |
| 4.60 (ಬಲ ಅಂಚು) | 6 | 6 | 6 | 0.0500 | ಕಡಿದಾದ ದಂಡೆ |
| ಒಟ್ಟು | | | | 0.79 | |

3.60ರ ಸಾಲು ನೋಡಿ. 21 ಎಂಬುದನ್ನು ಅಳಿಸಿಲ್ಲ, ಪಕ್ಕದಲ್ಲಿ ಕಾರಣ ಬರೆದಿದೆ. ರಬ್ಬರನ್ನು ಹಳ್ಳಕ್ಕೆ ತರಲೇಬಾರದು. ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಮುಂದೆ ಹೋಗಬೇಕು. ಬಲದಂಡೆಯ ಅಂಚಿನಲ್ಲಿ ಆಳ ಸೊನ್ನೆಯಲ್ಲ, 6 ಎಂಬುದೂ ಗಮನಿಸತಕ್ಕದ್ದು. ದಂಡೆ ಕಡಿದಾಗಿರುವಲ್ಲಿ ಅಂಚಿಗೇ ಆಳವಿರುತ್ತದೆ. ‘ಅಂಚು ಎಂದರೆ ಸೊನ್ನೆ’ ಎಂದು ಕೂತಲ್ಲೇ ತುಂಬಿಸಿಬಿಡುವ ಅಭ್ಯಾಸ ಬೇಡ.

ವಿಸ್ತೀರ್ಣ ತೆಗೆಯುವುದು ಹೀಗೆ: ಅಕ್ಕಪಕ್ಕದ ಎರಡು ಆಳಗಳ ಸರಾಸರಿಯನ್ನು ಅವುಗಳ ನಡುವಿನ ಅರ್ಧ ಮೀಟರಿನಿಂದ ಗುಣಿಸುವುದು. 24 ಮತ್ತು 29ರ ಸರಾಸರಿ 26.5 ಸೆಂಟಿಮೀಟರ್, ಅಂದರೆ 0.265 ಮೀಟರ್. ಅದನ್ನು 0.5ರಿಂದ ಗುಣಿಸಿದರೆ 0.1325 ಚದರ ಮೀಟರ್. ಎಲ್ಲ ಹೋಳು ಕೂಡಿಸಿದರೆ 0.79. ಇದರ ಬದಲು ಒಂಬತ್ತೂ ಆಳಗಳ ಸರಾಸರಿ ತೆಗೆದು ಅಗಲದಿಂದ ಗುಣಿಸಿದರೆ ಏನಾಗುತ್ತದೆ? ಸರಾಸರಿ 17.9 ಸೆಂಟಿಮೀಟರ್, ವಿಸ್ತೀರ್ಣ 0.72. ಅಂಚಿನ ಬಿಂದುಗಳಿಗೆ ಅರ್ಧ ಹೋಳಷ್ಟೇ ಪಾಲು ಇದ್ದರೂ ಪೂರ್ತಿ ತೂಕ ಕೊಟ್ಟದ್ದರಿಂದ ಉತ್ತರ ಕುಗ್ಗಿತು. ಅಂಚುಗಳನ್ನು ಬಿಟ್ಟು ಒಳಗಿನ ಏಳನ್ನೇ ಸರಾಸರಿ ಮಾಡಿದರೆ 0.89 ಬರುತ್ತದೆ, ಈಗ ಉಬ್ಬಿತು. ಒಂದೇ ಅಳತೆಯಿಂದ ಎರಡು ಗುಂಪು ಹೀಗೆ ಎರಡು ದಾರಿ ಹಿಡಿದು ಜಗಳವಾಡುವುದು ಸಾಮಾನ್ಯ. ಗ್ರಾಫ್ ಹಾಳೆಯಲ್ಲಿ ಅಡ್ಡಕೊಯ್ತ ಬರೆಸಿ ಚೌಕ ಎಣಿಸಿದರೆ ಯಾವುದು ಸರಿಯೆಂದು ಮಕ್ಕಳೇ ಹೇಳುತ್ತಾರೆ.

ಮೇಲ್ತುದಿಯಲ್ಲಿ 0.76, ಕೆಳತುದಿಯಲ್ಲಿ 0.82 ಬಂದಿದೆ. ಮೂರರ ಸರಾಸರಿ 0.79. ಹೋಗುವುದು ಅದೇ ನೀರಾದ್ದರಿಂದ ಹತ್ತು ಮೀಟರಿನೊಳಗೆ ವಿಸ್ತೀರ್ಣ ಇಷ್ಟು ಹತ್ತಿರ ಇದ್ದರೆ ವೇಗವೂ ಹೆಚ್ಚುಕಡಿಮೆ ಒಂದೇ ಸಮ ಎಂದು ನಂಬಬಹುದು. ಒಂದು ಕಡೆ 0.5, ಇನ್ನೊಂದು ಕಡೆ 0.9 ಬಂದಿದ್ದರೆ ಜಾಗದ ಆಯ್ಕೆಯೇ ತಪ್ಪು.

ವೇಗ

ಆಳದ ಕೆಲಸ ಮುಗಿದು ಎಲ್ಲರೂ ನೀರಿನಿಂದ ಮೇಲೆ ಬಂದ ಮೇಲೆಯೇ ವೇಗ. ಹಳ್ಳದಲ್ಲಿ ನಿಂತವರ ಕಾಲಿನ ಹಿಂದೆ ಸುಳಿ ಏಳುತ್ತದೆ. ಅಗಲವನ್ನು ಮೂರು ಪಟ್ಟೆ ಮಾಡಿ: ಎಡ 0.60ರಿಂದ 2.10, ನಡು 2.10ರಿಂದ 3.60, ಬಲ 3.60ರಿಂದ 4.60. ಪ್ರತಿ ಪಟ್ಟೆಯಲ್ಲಿ ಮೂರು ಸಲ ಕಿತ್ತಳೆ ಬಿಡಬೇಕು. ಕೋಲಿನ ತುದಿಗೆ ಕಟ್ಟಿದ ಸಣ್ಣ ಬಲೆಯಿಂದ ದಂಡೆಯಲ್ಲೇ ನಿಂತು ಬಿಡಬಹುದು. ಬಿಡುವುದು ಮೇಲಿನ ಟೇಪಿಗಿಂತ ಎರಡು ಮೀಟರ್ ಮೇಲೆ, ಎಸೆಯದೆ. ಆ ಎರಡು ಮೀಟರಿನಲ್ಲಿ ಹಣ್ಣು ನೀರಿನ ವೇಗ ಹಿಡಿಯುತ್ತದೆ. ಮೇಲಿನ ಟೇಪಿನ ಕೆಳಗೆ ಹಾಯುವಾಗ ಅಲ್ಲಿದ್ದವರು ‘ಹೂಂ’ ಎನ್ನಬೇಕು, ಗಡಿಯಾರ ಹಿಡಿದವರು ಕೆಳಗಿನ ಟೇಪಿನ ಬಳಿ ನಿಂತಿರಬೇಕು.

ಹತ್ತು ಮೀಟರ್ ಏಕೆ? ಕೂಗು ಕೇಳಿ ಗುಂಡಿ ಒತ್ತುವುದರಲ್ಲಿ 0.3 ಸೆಕೆಂಡು ತಪ್ಪುವುದು ಸಹಜ. ನಡುಪಟ್ಟೆಯಲ್ಲಿ ಹತ್ತು ಮೀಟರಿಗೆ 22 ಸೆಕೆಂಡು ಹಿಡಿಯುತ್ತದೆ, ಅದರಲ್ಲಿ 0.3 ದೊಡ್ಡದಲ್ಲ. ಮೂರೇ ಮೀಟರ್ ಅಳೆದಿದ್ದರೆ ಸಮಯ 6.6 ಸೆಕೆಂಡು, ಅದೇ ತಪ್ಪು ನೂರಕ್ಕೆ ನಾಲ್ಕೂವರೆಯಾಗುತ್ತಿತ್ತು.

| ಪಟ್ಟೆ | 1ನೇ ಸಲ (ಸೆ) | 2ನೇ ಸಲ (ಸೆ) | 3ನೇ ಸಲ (ಸೆ) | ಮರುಸಲ (ಸೆ) | ಸರಾಸರಿ (ಸೆ) | ಮೇಲ್ಮೈ ವೇಗ (ಮೀ/ಸೆ) | ಟಿಪ್ಪಣಿ |
|---|---|---|---|---|---|---|---|
| ಎಡ | 34.1 | 31.6 | 36.3 | – | 34.0 | 0.294 | |
| ನಡು | 21.8 | 22.6 | 21.6 | – | 22.0 | 0.455 | |
| ಬಲ | 26.9 | 28.4 | 60.2 | 27.7 | 27.7 | 0.361 | 3ನೆಯದು ಬೇರಿಗೆ ಸಿಕ್ಕಿ ನಿಂತಿತು, ಲೆಕ್ಕಕ್ಕಿಲ್ಲ |

ಬಲಪಟ್ಟೆಯ 60.2ನ್ನು ಬಿಟ್ಟದ್ದು ಅದು ಹೆಚ್ಚಾಯಿತೆಂದಲ್ಲ, ಹಣ್ಣು ಬೇರಿಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡದ್ದರಿಂದ. ಎಡಪಟ್ಟೆಯ 31.6 ಮತ್ತು 36.3ರ ನಡುವೆ ಸಾಕಷ್ಟು ಅಂತರವಿದೆ, ಆದರೆ ಕಾರಣ ಯಾರಿಗೂ ಕಾಣಲಿಲ್ಲ. ಆಳ ಕಡಿಮೆಯಿರುವ ಕಡೆ ನೀರು ಹಾಗೆಯೇ ತಡೆದು ತಡೆದು ಓಡುತ್ತದೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಬೇಕು. ಈ ವ್ಯತ್ಯಾಸವನ್ನು ಮಕ್ಕಳಿಗೆ ನಿಧಾನವಾಗಿ ಹೇಳಬೇಕು, ಇಲ್ಲವಾದರೆ ಮನಸ್ಸಿಗೆ ಒಪ್ಪದ ಅಂಕಿಯನ್ನೆಲ್ಲ ‘ಸಿಕ್ಕಿಕೊಂಡಿತು’ ಎಂದು ಬರೆದು ಬಿಸಾಡುತ್ತಾರೆ.

ಕಿತ್ತಳೆ ಹೇಳುವುದು ಮೇಲ್ಮೈ ವೇಗ. ತಳದ ಕಲ್ಲುಮರಳು ನೀರನ್ನು ಹಿಡಿದೆಳೆಯುವುದರಿಂದ ಕೆಳಗೆ ವೇಗ ಕಡಿಮೆ. ಮೇಲಿನಿಂದ ತಳದವರೆಗಿನ ಸರಾಸರಿಗೆ ಮೇಲ್ಮೈ ವೇಗವನ್ನು 0.85ರಿಂದ ಗುಣಿಸುವುದು ರೂಢಿ. ಮರಳಿನ ನಯ ತಳದಲ್ಲಿ ಇದು ಸ್ವಲ್ಪ ಹೆಚ್ಚು, ಒರಟು ಕಲ್ಲಿನ ತೆಳುನೀರಿನಲ್ಲಿ 0.8 ಅಥವಾ ಇನ್ನೂ ಕಡಿಮೆ. ತಳದ ಟಿಪ್ಪಣಿಗೆ ಪಟ್ಟಿಯಲ್ಲಿ ಒಂದು ಕಾಲಂ ಕೊಟ್ಟಿರುವುದು ಇದಕ್ಕೇ.

ಲೆಕ್ಕ

ಪ್ರತಿ ಪಟ್ಟೆಯ ವಿಸ್ತೀರ್ಣವನ್ನು ಅದರದೇ ವೇಗದಿಂದ ಗುಣಿಸಿ ಕೂಡಿಸಬೇಕು. ಪಟ್ಟೆಯ ವಿಸ್ತೀರ್ಣ ನಡುವಿನ ಅಡ್ಡಕೊಯ್ತದ ಪಟ್ಟಿಯಿಂದಲೇ ಸಿಗುತ್ತದೆ:

| ಪಟ್ಟೆ | ವಿಸ್ತೀರ್ಣ (ಚ.ಮೀ) | ಮೇಲ್ಮೈ ವೇಗ (ಮೀ/ಸೆ) | ಗುಣಲಬ್ಧ (ಘನ ಮೀ/ಸೆ) |
|---|---|---|---|
| ಎಡ | 0.205 | 0.294 | 0.060 |
| ನಡು | 0.435 | 0.455 | 0.198 |
| ಬಲ | 0.150 | 0.361 | 0.054 |
| ಒಟ್ಟು | 0.790 | | 0.312 |

0.312ನ್ನು 0.85ರಿಂದ ಗುಣಿಸಿದರೆ 0.265 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 265 ಲೀಟರ್. ಮೂರು ವೇಗಗಳನ್ನು ಸುಮ್ಮನೆ ಸರಾಸರಿ ಮಾಡಿ (0.370) ಇಡೀ ವಿಸ್ತೀರ್ಣಕ್ಕೆ ಗುಣಿಸಿದ್ದರೆ 248 ಬರುತ್ತಿತ್ತು. ಅರ್ಧಕ್ಕಿಂತ ಹೆಚ್ಚು ನೀರು ಹೋಗುವ ಆಳದ ನಡುಪಟ್ಟೆಗೆ ತಕ್ಕ ತೂಕ ಸಿಗದೆ ಉತ್ತರ ಇಳಿಯಿತು. ನಡುವೆ ಮಾತ್ರ ಹಣ್ಣು ಬಿಟ್ಟು, 0.85 ಅನ್ನೂ ಮರೆತರೆ 359 ಲೀಟರ್. ಹಳ್ಳದ ಬದಿ ಓಡಾಡಿ ‘ನೀರು ಜೋರಿದೆ’ ಎನ್ನುವಾಗ ಕಣ್ಣು ನೋಡುವುದು ಈ ನಡುಪಟ್ಟೆಯನ್ನೇ, ಆದ್ದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ.

ವರದಿಯಲ್ಲಿ 265.54 ಎಂದು ಬರೆಯುವುದು ಸರಿಯಲ್ಲ. 0.85ರ ಬದಲು 0.80 ಹಿಡಿದರೆ 250 ಆಗುತ್ತದೆ. ಈ ತಳಕ್ಕೆ ಯಾವುದು ಸರಿಯೆಂದು ಕಿತ್ತಳೆಯಿಂದ ಹೇಳಲಾಗದು, ಅದಕ್ಕೆ ಮೇಲ್ಮೈಯಿಂದ ಆಳದ 0.6 ಭಾಗದಷ್ಟು ಕೆಳಗೆ ಇಳಿಸಿ ಅಳೆಯುವ ಪ್ರವಾಹಮಾಪಕ ಬೇಕು. ಹಾಗಾಗಿ ‘ಸೆಕೆಂಡಿಗೆ 250ರಿಂದ 265 ಲೀಟರ್, 0.80 ಮತ್ತು 0.85 ಗುಣಕಗಳಿಗೆ’ ಎಂದು ಬರೆದರೆ ಓದುವವರಿಗೆ ಅಳತೆಯ ಹದ ಗೊತ್ತಾಗುತ್ತದೆ.

ಹೊರಡುವ ಮೊದಲು ಇನ್ನೊಂದು ಕೆಲಸವಿದೆ. ಪಟ್ಟಿಯ ತಲೆಯಲ್ಲಿ ದಿನಾಂಕ, ಶುರು ಮತ್ತು ಮುಗಿದ ಹೊತ್ತು, ಕಡ್ಡಿಯ ಮಟ್ಟ, ಹಿಂದಿನ ಮೂರು ದಿನ ಮಳೆ ಬಂದಿತ್ತೇ, ಪಂಪು ಓಡುತ್ತಿತ್ತೇ, ಗಾಳಿ ಯಾವ ಕಡೆಗೆ ಎಂಬುದನ್ನು ತುಂಬಿಸಿ. ಗೂಟದ ಜಾಗವನ್ನು ಎರಡೂ ದಂಡೆಯ ಮರಕ್ಕೆ ಬಣ್ಣ ಹಚ್ಚಿ ಗುರುತು ಮಾಡಿ, ತೋಟದವರ ಒಪ್ಪಿಗೆ ಕೇಳಿಯೇ. ಫೆಬ್ರವರಿ ಕೊನೆಗೆ ಅದೇ ಟೇಪಿನ 0.60ರಿಂದ ಮತ್ತೆ ಶುರುಮಾಡಿದರೆ ನೀರಿನ ಅಂಚು ಎಲ್ಲಿಗೆ ಸರಿದಿದೆ ಎಂಬುದೇ ಮೊದಲ ಅಂಕಿಯಾಗುತ್ತದೆ. ಜುಲೈನಲ್ಲಿ ಇದೇ ಹಳ್ಳವನ್ನು ನೋಡಬೇಕಾದರೆ ಯಾರೂ ಇಳಿಯದೆ, ಮುಳುಗುವ ಭಯವಿಲ್ಲದ ಗಟ್ಟಿ ಸೇತುವೆಯ ಮೇಲೆ ಶಿಕ್ಷಕರೊಡನೆ ನಿಂತು ಮೇಲ್ಮೈ ವೇಗವನ್ನು ಮಾತ್ರ ಅಳೆಯಬಹುದು. ಆಗ ಆಳದ ಕಾಲಂ ಖಾಲಿಯೇ ಇರಲಿ. ಡಿಸೆಂಬರಿನ ಆಳವನ್ನು ಅಲ್ಲಿಗೆ ತುಂಬಿಸುವಂತಿಲ್ಲ, ಕಾಲುಸಂಕದಿಂದಂತೂ ಈ ಕೆಲಸ ಬೇಡ.